ಲೋಗೋನ ಕಣ್ಣಳತೆಯಲ್ಲಿ ಇಡೋದು ನಿಲ್ಲಿಸ್ರಪ್ಪ

1/5
ನಮ್ಮ ಕ್ಲಾಸಿನ 14 ಗಣಿತದ ವಿಡಿಯೋಗಳನ್ನ ಒಂದರ ಹಿಂದೆ ಒಂದು ಓಡಿಸಿ ನೋಡಿ. ಮೂರನೇದ್ರಲ್ಲಿ ಲೋಗೋ ಅಂಚಿಗೆ ಅಂಟಿದೆ, ಏಳನೇದ್ರಲ್ಲಿ ದೊಡ್ಡದಾಗಿದೆ, ಹನ್ನೊಂದನೇದ್ರಲ್ಲಿ ಇಲ್ವೇ ಇಲ್ಲ. "ಅದನ್ನೆಲ್ಲ ಯಾರು ನೋಡ್ತಾರೆ ಬಿಡೋ" ಅಂದವರಿಗೇ ಈ ಪೋಸ್ಟ್. ಆ ಹನ್ನೊಂದನೇದೇ ಈಗ ಜೂನಿಯರ್‌ಗಳ ಗ್ರೂಪುಗಳಲ್ಲಿ ಓಡಾಡ್ತಿರೋದು. ಅದರ ಮುಂದಿನ ಭಾಗ ಎಲ್ಲಿ ಸಿಗುತ್ತೆ ಅಂತ ಅವರಿಗೆ ಗೊತ್ತಾಗೋದು ಹೇಗೆ?

2/5
ತಪ್ಪು ಕೈಯದ್ದಲ್ಲ, ವಿಧಾನದ್ದು. ನಮ್ಮ ವಿಡಿಯೋಗಳಲ್ಲಿ ಕೆಲವು 1920×1080, ಕೆಲವು 1280×720. 192 ಪಿಕ್ಸೆಲ್ ಅಗಲದ ಲೋಗೋ ಮೊದಲನೇದ್ರಲ್ಲಿ ಅಗಲದ 10%, ಎರಡನೇದ್ರಲ್ಲಿ 15%. ಅದರ ಮೇಲೆ ಪ್ರತಿ ಸಲ ಬೆರಳಲ್ಲಿ ಎಳೆದು ಇಟ್ರೆ ಹದಿನಾಲ್ಕು ಜಾಗ ಆಗದೆ ಇನ್ನೇನಾಗುತ್ತೆ? ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತನ್ನಿ. ಆಮೇಲೆ ಲೋಗೋ ಅಗಲ 10%, ಅಂಚಿಂದ ದೂರ 3%, ಜಾಗ ಮೇಲಿನ ಬಲಮೂಲೆ. ಕೆಳಗೆ ಬೇಡ, ಅಲ್ಲಿ ಸಬ್‌ಟೈಟಲ್ಲೂ ಪ್ಲೇಯರ್ ಪಟ್ಟಿಯೂ ಬರುತ್ತೆ.

3/5
ಲ್ಯಾಪ್‌ಟಾಪಲ್ಲಿ ffmpeg ಇದ್ರೆ ಈ ಲೆಕ್ಕವನ್ನ ಒಂದೇ ಸಲ ಬರೆದ್ರೆ ಸಾಕು:

```
ffmpeg -i 01.mp4 -i logo.png -filter_complex "[0:v]scale=1920:1080[v];[1:v]scale=192:-1[l];[v][l]overlay=W-w-58:58" -c:a copy out/01.mp4
```

58 ಅಂದ್ರೆ 1920ರ 3%. `out` ಫೋಲ್ಡರ್ ಮೊದಲೇ ಮಾಡಿಡಿ. ಉದ್ದುದ್ದ ಹಿಡಿದು ತೆಗೆದ ವಿಡಿಯೋನ ಇದಕ್ಕೆ ಕೊಡಬೇಡಿ, ಮೇಷ್ಟ್ರ ಮುಖ ಚಪಾತಿ ಆಗುತ್ತೆ. ಅವನ್ನ ಬೇರೆ ಅಳತೆಯಲ್ಲಿ ಬೇರೆಯಾಗೇ ಮಾಡಿ. ಇನ್ನೊಂದು ಮಾತು: ಮೂಲ ಫೈಲಿಂದಲೇ ಶುರು ಮಾಡಿ. ಈಗಾಗಲೇ ಲೋಗೋ ಇರೋ ಕಾಪಿ ತಗೊಂಡ್ರೆ ಎರಡೆರಡು ಲೋಗೋ ಬರುತ್ತೆ.

4/5
"ಕದೀತಾರೆ, ಅದಕ್ಕೇ ಮಧ್ಯದಲ್ಲಿ ದೊಡ್ಡದಾಗಿ ಹಾಕೋಣ" ಅನ್ನೋರಿದ್ದಾರೆ. ಮೂಲೆಯ ಲೋಗೋನ ಕ್ರಾಪ್ ಮಾಡಿ ತೆಗೀಬಹುದು, ಒಪ್ತೀನಿ. ಆದ್ರೆ ಮಧ್ಯದಲ್ಲಿಟ್ರೆ ಬೋರ್ಡ್ ಮೇಲಿನ ಲೆಕ್ಕವೇ ಮುಚ್ಚಿಹೋಗುತ್ತೆ. ಕದಿಯೋ ಒಬ್ಬನಿಗೋಸ್ಕರ ಓದೋ ನೂರು ಜನರ ಕಣ್ಣು ಕಟ್ಟಬೇಕಾ? ವಾಟರ್‌ಮಾರ್ಕ್ ಬೀಗ ಅಲ್ಲ, ಮನೆ ಮುಂದಿನ ಹೆಸರಿನ ಫಲಕ.

5/5
ಎಂಡ್ ಕಾರ್ಡ್‌ನ ಕೊನೇ ಸೆಕೆಂಡುಗಳ ಮೇಲೆ ಹೊದಿಸಬೇಡಿ, ಕೊನೆಗೆ ಜೋಡಿಸಿ. ಐದನೇ ವಿಡಿಯೋದಲ್ಲಿ ನಮ್ಮ ಕಾರ್ಡ್ ಮುಚ್ಚಿರೋದು ಉತ್ತರವನ್ನೇ! ಯೂಟ್ಯೂಬಿನ ಎಂಡ್ ಸ್ಕ್ರೀನ್ ಕೊನೆಯ 5ರಿಂದ 20 ಸೆಕೆಂಡಲ್ಲಿ ಕೂರುತ್ತೆ, ಹಾಗಾಗಿ 8 ಸೆಕೆಂಡಿನ ಒಂದೇ ಕಾರ್ಡ್ ಎಲ್ಲಕ್ಕೂ ಸಾಕು. ಅದರ ಅಳತೆ, ಫ್ರೇಮ್ ರೇಟ್ ವಿಡಿಯೋದಷ್ಟೇ ಇರಲಿ. ಸದ್ದಿಲ್ಲದ ಕಾರ್ಡ್ ಆದ್ರೂ ಅದರೊಳಗೆ ಖಾಲಿ ಆಡಿಯೋ ಟ್ರ್ಯಾಕ್ ಇರಬೇಕು, ಇಲ್ಲಾಂದ್ರೆ ಜೋಡಿಸುವಾಗ ಕೈಕೊಡುತ್ತೆ.

ಅಪ್‌ಲೋಡ್‌ಗೆ ಮುಂಚೆ ಪ್ರತಿ ವಿಡಿಯೋದ 10ನೇ ಸೆಕೆಂಡಿನ ಸ್ಕ್ರೀನ್‌ಶಾಟ್ ತೆಗೆದು ಬೇಗ ಬೇಗ ಸರಿಸಿ ನೋಡಿ. ಚಿತ್ರ ಬದಲಾಗ್ತಾ ಇರಬೇಕು, ಲೋಗೋ ಮಾತ್ರ ಅಲ್ಲಾಡಬಾರದು. ಅಲ್ಲಾಡಿದ್ರೆ ಅದನ್ನ ಇನ್ನೊಮ್ಮೆ ಮಾಡಿ, ನೆಪ ಹೇಳಬೇಡಿ.

#ನಮ್ಮಕ್ಲಾಸ್ #ವಿಡಿಯೋಎಡಿಟಿಂಗ್