ಹೊಲಿಗೆ ಬಿಡಬೇಡಿ, ಹೆಬ್ಬೆರಳ ಬುಡವನ್ನು ಕಾಯಿರಿ

ಕಳೆದ ಚಳಿಗಾಲದಲ್ಲಿ ಕಟಕೋಳದ ಒಬ್ಬ ತಾಯಿ ಕೈಬೆರಳುಗಳ ನೋವೆಂದು ನಮ್ಮಲ್ಲಿಗೆ ಬಂದರು. ವಯಸ್ಸು 54. ಇಳಕಲ್ ಸೀರೆಗೆ ಒಪ್ಪುವ ಖಣದ ಕುಪ್ಪಸಗಳನ್ನು ಹೊಲಿಯುವುದರಲ್ಲಿ ಸುತ್ತಲಿನ ಊರುಗಳಲ್ಲೆಲ್ಲ ಹೆಸರಾದವರು; ಬಿಡುವಿನಲ್ಲಿ ಕೌದಿಯನ್ನೂ ಹೊಲಿಯುವರು. ಮುಂಜಾನೆ ಎದ್ದೊಡನೆ ಬೆರಳುಗಳು ಮಡಚಲೊಲ್ಲವು, ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಹಿಡಿದಾಗಲೆಲ್ಲ ಚುಚ್ಚಿದಂತಾಗುತ್ತದೆ ಎಂಬುದು ಅವರ ದೂರು. "ಎಲ್ಲಾರೂ ಹೊಲಗಿ ಬಿಡು ಅಂತಾರ್ರೀ. ಬಿಟ್ಟು ನಾ ಏನ್ ಮಾಡ್ಲಿ?" ಎಂದು ಅವರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಹೊಲಿಗೆ ಬಿಡಿಸುವ ಸಲಹೆ ಬಹುತೇಕ ತಪ್ಪು ಎಂಬುದು ನನ್ನ ಅಭಿಪ್ರಾಯ. ಹೊಲಿಯುವ ಕ್ರಮವನ್ನು ಬದಲಿಸದೆ ಬರಿಯ ಗುಳಿಗೆಯಿಂದ ಗುಣ ಕಾಣಲು ಹೊರಡುವುದೂ ಅಷ್ಟೇ ತಪ್ಪು.

ಮೊದಲು ಇದು ಯಾವ ಬೇನೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಆ ತಾಯಿಯ ಬೆರಳುಗಳ ತುದಿಯ ಗೆಣ್ಣುಗಳಲ್ಲಿ, ಉಗುರಿನ ಸ್ವಲ್ಪ ಹಿಂದೆ, ಎಲುಬಿನಂತೆ ಗಟ್ಟಿಯಾದ ಚಿಕ್ಕ ಗಂಟುಗಳಿದ್ದವು. ಮುಂಜಾನೆಯ ಬಿಗಿತವು ಅರ್ಧ ತಾಸಿನೊಳಗೆ ಸಡಿಲವಾಗುತ್ತಿತ್ತು. ಹೆಬ್ಬೆರಳು ಮಣಿಕಟ್ಟನ್ನು ಸೇರುವ ಎಡೆಯನ್ನು ಒತ್ತಿದರೆ ಅವರು ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಇವು ಆಸ್ಟಿಯೋಆರ್ಥ್ರೈಟಿಸ್ ಎಂಬ ಕೀಲುಸವೆತದ ಗುರುತುಗಳು. ಮುಂಗೈಗೆ ಸೇರುವ ದೊಡ್ಡ ಗೆಣ್ಣುಗಳೂ ಮಣಿಕಟ್ಟುಗಳೂ ಎರಡೂ ಕೈಗಳಲ್ಲಿ ಮೆತ್ತಗೆ ಊದಿಕೊಂಡು, ಬಿಗಿತವು ಒಂದು ತಾಸಿಗೂ ಮೀರಿ ಉಳಿದರೆ ಅದು ರುಮಟಾಯ್ಡ್ ಎಂಬ ಬೇರೆಯೇ ರೋಗವಿರಬಹುದು; ಅದಕ್ಕೆ ರಕ್ತಪರೀಕ್ಷೆ ಬೇಕು, ಬೇರೆ ಔಷಧ ಬೇಕು, ತಡಮಾಡಬಾರದು. ಎರಡನ್ನೂ 'ವಾತ' ಎಂಬ ಒಂದೇ ಹೆಸರಿನಿಂದ ಕರೆಯುವ ನಮ್ಮ ರೂಢಿಯಿಂದ ಅನೇಕರು ಆ ಕಾಲವನ್ನು ಕಳೆದುಕೊಳ್ಳುತ್ತಾರೆ.

ಹೆಬ್ಬೆರಳ ಬುಡದ ಕೀಲು ವಿಶಿಷ್ಟವಾದುದು. ಕುದುರೆಯ ಜೀನಿನ ಮೇಲೆ ಇನ್ನೊಂದು ಜೀನನ್ನು ಅಡ್ಡಲಾಗಿ ಕೂರಿಸಿದಂತೆ ಎರಡು ಎಲುಬುಗಳು ಅಲ್ಲಿ ಕೂಡಿವೆ. ಆದ್ದರಿಂದಲೇ ಹೆಬ್ಬೆರಳು ಎಲ್ಲ ದಿಕ್ಕಿಗೂ ಹೊರಳಬಲ್ಲುದು. ಆದ್ದರಿಂದಲೇ ಅದು ಜಾರುವುದೂ ಸುಲಭ. ಬೆರಳ ತುದಿಗಳಿಂದ ಒಂದು ಕಿಲೋದಷ್ಟು ಬಲದಿಂದ ಚಿವುಟಿ ಹಿಡಿದರೆ ಈ ಬುಡದ ಮೇಲೆ ಸುಮಾರು 12 ಕಿಲೋದಷ್ಟು ಒತ್ತಡ ಬೀಳುತ್ತದೆಂದು ಲೆಕ್ಕಹಾಕಿದ್ದಾರೆ. ಹೊಲಿಗೆಯಂತ್ರದ ಮುಂದೆ ಕುಳಿತು ಬಟ್ಟೆಯನ್ನು ಅಂಗೈಯಿಂದ ಸರಿಸುವಾಗ ಈ ಒತ್ತಡವಿಲ್ಲ. ಮೊಂಡ ಕತ್ತರಿಯನ್ನು ಒತ್ತುವಾಗ, ಹಲವು ಪದರಗಳ ಕೌದಿಯಿಂದ ಸೂಜಿಯನ್ನು ಎಳೆಯುವಾಗ, ಕುಪ್ಪಸಕ್ಕೆ ಹುಕ್ಕು ಹಚ್ಚುವಾಗ ಇದೆ. ಅಂದರೆ ಕೀಲನ್ನು ದಣಿಸುವುದು ಹೊಲಿಗೆಯೆಲ್ಲವೂ ಅಲ್ಲ, ಅದರೊಳಗಿನ ಮೂರು ನಾಲ್ಕು ಕೆಲಸಗಳು ಮಾತ್ರ.

ಆ ತಾಯಿಯ ದಿನಚರಿಯನ್ನು ಕೇಳಿ ಬರೆದುಕೊಂಡಾಗ ಇದು ಸ್ಪಷ್ಟವಾಯಿತು. ಬೆರಳುಗಳು ಬಿಗಿದಿರುವ ಮುಂಜಾನೆ ಏಳಕ್ಕೇ ಅವರು ಆರು ಕುಪ್ಪಸಗಳ ಬಟ್ಟೆಯನ್ನು ಒಂದರ ಮೇಲೊಂದಿಟ್ಟು ಒಮ್ಮೆಗೇ ಕತ್ತರಿಸುತ್ತಿದ್ದರು. ಹಗಲೆಲ್ಲ ಯಂತ್ರ. ರಾತ್ರಿ ಊಟವಾದ ಮೇಲೆ ಎರಡು ತಾಸು ಎಡೆಬಿಡದೆ ಹುಕ್ಕು ಹಚ್ಚುವುದು, ಅಂಚು ಮಡಚಿ ಕೈಹೊಲಿಗೆ ಹಾಕುವುದು. ನೋವು ತಡೆಯಲಾರದಾದಾಗ ನಿಲ್ಲಿಸುತ್ತಿದ್ದರು. ಮರುದಿನ ಏನೂ ಮಾಡಲಾಗುತ್ತಿರಲಿಲ್ಲ. ಅದರ ಮರುದಿನ ಉಳಿದುದನ್ನೆಲ್ಲ ಒಟ್ಟಿಗೇ ಮುಗಿಸಲು ಕೂಡುತ್ತಿದ್ದರು. ನೋವು ಬಂದ ಮೇಲೆ ನಿಲ್ಲಿಸುವುದನ್ನು ನಾವು ವಿಶ್ರಾಂತಿ ಎನ್ನುತ್ತೇವೆ. ಕೀಲಿನ ಲೆಕ್ಕದಲ್ಲಿ ಅದು ತಡವಾಗಿ ಬಂದ ವಿಶ್ರಾಂತಿ. ಕೆಲಸವನ್ನು ನಿಲ್ಲಿಸಬೇಕಾದುದು ಗಡಿಯಾರ, ನೋವಲ್ಲ.

ಹೀಗಾಗಿ ಕ್ರಮವನ್ನು ಬದಲಿಸಿದೆವು. ಮುಂಜಾನೆ ಕೈಗಳನ್ನು ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿಟ್ಟು ಬೆರಳುಗಳನ್ನು ಮೆಲ್ಲಗೆ ಆಡಿಸುವುದು. ಕತ್ತರಿಸುವ ಕೆಲಸ ಹತ್ತು ಗಂಟೆಯ ನಂತರ, ಒಮ್ಮೆಗೆ ಎರಡೇ ಕುಪ್ಪಸ. ಕತ್ತರಿಗೆ ಸಾಣೆ ಹಿಡಿಸಿ, ಅದರ ಕೆಳಗಿನ ಅಲಗನ್ನು ಮೇಜಿನ ಮೇಲೆಯೇ ಊರಿ ಕತ್ತರಿಸಲು ಹೇಳಿದೆ. ಎತ್ತಿ ಹಿಡಿಯುವ ಭಾರ ಹೆಬ್ಬೆರಳಿಗೆ ತಪ್ಪುತ್ತದೆ. ತಾನಾಗಿಯೇ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿ ಸಿಕ್ಕರೆ ಇನ್ನೂ ಒಳ್ಳೆಯದು. ಕೈಹೊಲಿಗೆಯನ್ನು ಇಪ್ಪತ್ತು ನಿಮಿಷಕ್ಕೆ ಮೊಬೈಲಿನ ಅಲಾರಾಂ ಇಟ್ಟು ನಿಲ್ಲಿಸಿ, ನಡುವೆ ಯಂತ್ರದ ಕೆಲಸ ಮಾಡುವುದು. ಕೌದಿಯ ಸೂಜಿಯನ್ನು ಎಳೆಯಲು ಸೈಕಲ್ ಟ್ಯೂಬಿನ ಒಂದು ತುಂಡನ್ನು ಬೆರಳುಗಳ ನಡುವೆ ಇಟ್ಟುಕೊಂಡರೆ ಸೂಜಿ ಜಾರದು, ಅರ್ಧ ಬಲವೇ ಸಾಕಾಗುತ್ತದೆ. ಸೂಜಿ ಹಿಡಿದಾಗ ಹೆಬ್ಬೆರಳೂ ತೋರುಬೆರಳೂ ಸೇರಿ ದುಂಡಗೆ ಬಳೆಯಂತಿರಬೇಕು. ಹೆಬ್ಬೆರಳ ನಡುಗೆಣ್ಣು ಒಳಕ್ಕೆ ಕುಸಿದಿದ್ದರೆ ಬುಡ ಜಾರುತ್ತಿದೆ ಎಂದೇ ತಿಳಿಯಬೇಕು.

ಮನೆಗೆಲಸವನ್ನೂ ಮರೆಯುವಂತಿಲ್ಲ. ರೊಟ್ಟಿ ಬಡಿಯುವುದು ಅಂಗೈಯ ಕೆಲಸ, ಅದರಿಂದ ಅಷ್ಟು ತೊಂದರೆಯಿಲ್ಲ. ಒದ್ದೆ ಬಟ್ಟೆಯನ್ನು ತಿರುಚಿ ಹಿಂಡುವುದು, ಬಿಸಿ ಹಂಚನ್ನು ಬೆರಳ ತುದಿಯಲ್ಲಿ ಚಿವುಟಿ ಎತ್ತುವುದು ಹೆಬ್ಬೆರಳಿಗೆ ವೈರಿಗಳು. ಇವನ್ನು ಮನೆಯ ಬೇರೆಯವರು ಮಾಡಲಿ, ಗಂಡಸರಾದರೂ ಸರಿ.

ಹೆಬ್ಬೆರಳ ಬುಡವನ್ನು ಆತು ಹಿಡಿಯುವ ಚಿಕ್ಕ ಪಟ್ಟಿಯೊಂದನ್ನೂ ಕೊಟ್ಟೆವು. ಬೆರಳ ತುದಿಗಳು ತೆರೆದೇ ಇರುವುದರಿಂದ ಅದನ್ನು ಕಟ್ಟಿಕೊಂಡೇ ಹೊಲಿಯಬಹುದು. ಒಂದು ವಾರ ಕಟ್ಟಿ ಗುಣವಿಲ್ಲವೆಂದು ಮೂಲೆಗೆಸೆಯುವವರೇ ಹೆಚ್ಚು. ಮೂರು ತಿಂಗಳಾದರೂ ಕಟ್ಟಿ ನೋಡದೆ ಅದರ ಗುಣ ತಿಳಿಯದು. ರಬ್ಬರ್ ಚೆಂಡನ್ನು ಬಿಗಿಯಾಗಿ ಹಿಸುಕುವ ವ್ಯಾಯಾಮವನ್ನು ಇಂಥವರಿಗೆ ನಾನು ಹೇಳುವುದಿಲ್ಲ, ಅದು ಬುಡಕ್ಕೆ ಮತ್ತಷ್ಟು ಒತ್ತಡ. ತೋರುಬೆರಳನ್ನು ಹೆಬ್ಬೆರಳಿನ ಕಡೆಗೆ ಸರಿಸುತ್ತ ಇನ್ನೊಂದು ಕೈಯಿಂದ ಮೆಲ್ಲಗೆ ತಡೆಯುವುದು, ದಿನಕ್ಕೆ ಹತ್ತು ಸಲ, ನೋಯದಂತೆ. ಇದು ಬುಡವನ್ನು ಹಿಡಿದಿಡುವ ಸ್ನಾಯುವನ್ನು ಬಲಪಡಿಸುತ್ತದೆ.

ಔಷಧಗಳಲ್ಲಿ ಡೈಕ್ಲೋಫೆನಾಕ್ ಮುಲಾಮನ್ನು ನೋಯುವ ಕೀಲಿಗೆ ಹಚ್ಚುವುದು ಮೊದಲ ಹೆಜ್ಜೆ. ಅದೇ ಹೆಸರಿನ ಗುಳಿಗೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಹುಣ್ಣಿಗೂ ಮೂತ್ರಪಿಂಡದ ಹಾನಿಗೂ ದಾರಿ. ರಕ್ತದೊತ್ತಡವುಳ್ಳವರಿಗೆ ಅಪಾಯ ಇನ್ನೂ ಹೆಚ್ಚು. ಸವೆದುದನ್ನು ಮರಳಿ ಬೆಳೆಸುವ ಗುಳಿಗೆಯಾಗಲಿ ಎಣ್ಣೆಯಾಗಲಿ ಈವರೆಗೆ ಇಲ್ಲ. ಇದ್ದಕ್ಕಿದ್ದಂತೆ ಒಂದು ಕೀಲು ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೆ ಅಂದೇ ವೈದ್ಯರನ್ನು ಕಾಣಬೇಕು. ರಾತ್ರಿ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಅದುಮಿರಬಹುದು, ಅದನ್ನೂ ತೋರಿಸಿಕೊಳ್ಳಬೇಕು.

ದುಡಿಮೆ ಮಿತಿ ಮೀರಿತೋ ಇಲ್ಲವೋ ತಿಳಿಯಲು ಆ ತಾಯಿಗೆ ಒಂದೇ ಗುರುತು ಹೇಳಿದ್ದೆ: ಕೆಲಸ ನಿಲ್ಲಿಸಿದ ಎರಡು ತಾಸಿನ ಮೇಲೂ ನೋವು ಉಳಿದರೆ ನಾಳೆ ಅಷ್ಟು ಮಾಡಬಾರದು. ನಾಲ್ಕನೆಯ ತಿಂಗಳು ಬಂದಾಗ ಗಂಟುಗಳು ಹಾಗೆಯೇ ಇದ್ದವು, ಬುಡದ ನೋವು ಮಾತ್ರ ಬಹಳ ಇಳಿದಿತ್ತು. ದಿನಕ್ಕೆ ಆರರ ಬದಲು ನಾಲ್ಕು ಕುಪ್ಪಸ ಹೊಲಿಯುತ್ತಿದ್ದರು. ಆದರೆ ಪೂರ್ತಿ ಕೈಕಟ್ಟಿ ಕೂಡುವ ದಿನಗಳು ತಪ್ಪಿದ್ದರಿಂದ ವಾರದ ಲೆಕ್ಕದಲ್ಲಿ ಹೆಚ್ಚು ಕಡಿಮೆಯಾಗಿರಲಿಲ್ಲ. ಹುಕ್ಕು ಹಚ್ಚುವ ಕೆಲಸವನ್ನು ಓಣಿಯ ಹುಡುಗಿಯೊಬ್ಬಳಿಗೆ ಕೂಲಿಗೆ ಕೊಟ್ಟಿದ್ದರು. ಕೌದಿಯನ್ನು ಮಾತ್ರ ಬಿಟ್ಟಿರಲಿಲ್ಲ. "ಅದು ಮೊಮ್ಮಗಳಿಗ್ರೀ" ಎಂದು ನಕ್ಕು, ಚೀಲದಿಂದ ಸೈಕಲ್ ಟ್ಯೂಬಿನ ತುಂಡನ್ನು ತೆಗೆದು ತೋರಿಸಿದರು.