ಗೊಂಡಿಯ ಮುಂದೆ ತಡವರಿಸುವ ಯಂತ್ರ

ನಾಗಪುರವನ್ನು 1702ರಲ್ಲಿ ಕಟ್ಟಿಸಿದವನು ದೇವಗಢದ ಗೊಂಡ ಅರಸ ಬಖ್ತ್ ಬುಲಂದ್ ಶಾಹ. ಗೊಂಡರ ಗೊಂಡಿ ಕನ್ನಡದಂತೆಯೇ ದ್ರಾವಿಡ ಭಾಷೆ. 2011ರ ಜನಗಣತಿಯಲ್ಲಿ ಅದನ್ನು ತಾಯ್ನುಡಿ ಎಂದವರು 29 ಲಕ್ಷಕ್ಕೂ ಹೆಚ್ಚು. ಇಷ್ಟು ಜನ ಆಡುವ ಭಾಷೆ ಯಂತ್ರಾನುವಾದದಲ್ಲಿ ಮಾತ್ರ ತೀರ ಬಡವಾಗಿದೆ.

ಯಂತ್ರ ಕಲಿಯುವುದು ಒಂದೇ ಮಾತು ಎರಡು ಭಾಷೆಗಳಲ್ಲಿರುವ ಜೋಡಿವಾಕ್ಯಗಳಿಂದ. 2021ರಲ್ಲಿ ಹೊರಬಂದ ‘ಸಮಾನಾಂತರ್’ ಸಂಗ್ರಹದಲ್ಲಿ ಇಂಗ್ಲಿಷ್–ಕನ್ನಡದ ಸುಮಾರು 40 ಲಕ್ಷ ಜೋಡಿಗಳಿದ್ದವು. ಗೊಂಡಿಯಲ್ಲಿ ಸಮುದಾಯದ ನೂರಾರು ಜನರ ನೆರವಿನಿಂದ ನಡೆದ ಒಂದು ಯೋಜನೆಗೆ ದಕ್ಕಿದ ಅನುವಾದಗಳು, ಬಿಡಿ ಪದಗಳೂ ಸೇರಿ, 12 ಸಾವಿರಕ್ಕಿಂತ ತುಸು ಕಡಿಮೆ. ನಮ್ಮಂತೆ ಗೊಂಡಿಯಲ್ಲೂ ಕಾಲ, ಪುರುಷ, ಲಿಂಗಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುತ್ತದೆ. ಈ ರೂಪಗಳಲ್ಲಿ ಹೆಚ್ಚಿನವನ್ನು ಯಂತ್ರ ಎಂದೂ ಕಂಡಿರುವುದಿಲ್ಲ. ಪದವನ್ನು ಚೂರು ಮಾಡಿ ಊಹಿಸುತ್ತದೆ. ಊಹೆ ಸೋತಾಗ ಹಿಂದಿ, ಮರಾಠಿಯ ಕಡೆ ವಾಲುತ್ತದೆ. ದೇವನಾಗರಿಯಲ್ಲಿ ಬರೆದ ಗೊಂಡಿಯನ್ನು ಭಾಷೆ ಗುರುತಿಸುವ ತಂತ್ರಾಂಶ ಹಿಂದಿಯೆಂದೇ ಎಣಿಸಬಹುದಾದ್ದರಿಂದ ಇರುವ ಅಲ್ಪಸ್ವಲ್ಪ ಬರಹವೂ ಕೈತಪ್ಪುತ್ತದೆ.

ಮೇಲಾಗಿ ಗೊಂಡಿ ಊರಿಂದೂರಿಗೆ ಬೇರೆ. ಹಲವು ರಾಜ್ಯಗಳ ಗೊಂಡರನ್ನು ಒಂದೆಡೆ ಕೂರಿಸಿ 2018ರಲ್ಲಿ ಸಾಮಾನ್ಯ ನಿಘಂಟು ತಂದ ಕೆಲಸದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪಾಲಿದೆ ಎಂಬುದು ಕನ್ನಡಿಗರು ತಿಳಿದಿರಬೇಕಾದ ಸಂಗತಿ.

2025ರಲ್ಲಿ ಕೇಂದ್ರ ಸರ್ಕಾರ ತಂದ ಅನುವಾದ ತಂತ್ರಾಂಶ ‘ಆದಿವಾಣಿ’ಯಲ್ಲಿ ಗೊಂಡಿಯೂ ಇದೆ. ಹಾಗಾಗಿ ಯಂತ್ರದ ಗೊಂಡಿಯನ್ನು ಪರೀಕ್ಷಿಸುವ ಬಗೆ ಇನ್ನು ಆಸ್ಪತ್ರೆ, ಕಚೇರಿಗಳಿಗೆಲ್ಲ ಬೇಕಾದೀತು. ‘ಊಟಕ್ಕೆ ಮೊದಲು ಈ ಮಾತ್ರೆ ಕೊಡಬೇಡಿ, ಊಟವಾದ ಮೇಲೆ ದಿನಕ್ಕೆ ಎರಡು ಸಲ ಕೊಡಿ’ ಎಂಬ ಸೂಚನೆಯನ್ನೇ ತೆಗೆದುಕೊಳ್ಳಿ. ಗೊಂಡಿ ಆಡುವವರಿಗೆ ಮೂಲವನ್ನು ತೋರಿಸದೆ ಯಂತ್ರ ಕೊಟ್ಟ ಗೊಂಡಿ ಪಾಠವನ್ನಷ್ಟೇ ಓದಿ ಹೇಳಬೇಕು. ‘ಸರಿಯಿದೆಯೇ’ ಎಂದು ಕೇಳಬಾರದು. ಕೇಳಿದರೆ ಮರ್ಯಾದೆಗೆ ಹೌದೆನ್ನುತ್ತಾರೆ. ಹಿಂದಿ ಬಲ್ಲವರಾದರೆ ತಪ್ಪನ್ನು ಮನಸ್ಸಿನಲ್ಲೇ ತಿದ್ದಿಕೊಂಡುಬಿಡುತ್ತಾರೆ. ‘ಮಾತ್ರೆ ಯಾವಾಗ ಕೊಡುತ್ತೀರಿ, ಎಷ್ಟು ಸಲ’ ಎಂದು ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಂಡು ಮೂಲದೊಡನೆ ಹೋಲಿಸಬೇಕು. ‘ಊಟಕ್ಕೆ ಮೊದಲು ಕೊಡುತ್ತೇವೆ’ ಎಂದರೆ ‘ಬೇಡ’ ಎಲ್ಲೋ ಕಳೆದುಹೋಗಿದೆ ಎಂದರ್ಥ. ನಿಷೇಧ, ಸಂಖ್ಯೆ, ಯಾರು ಯಾರಿಗೆ ಎಂಬುದು: ಓದಲು ಸರಾಗವಾಗಿದ್ದಾಗಲೂ ಅನುವಾದ ಈ ಮೂರರಲ್ಲಿ ಕೆಟ್ಟಿರಬಹುದು.

ಈ ಪರೀಕ್ಷೆಗೆ ಹಿಂದಿ ಅಷ್ಟಾಗಿ ಬಾರದ ಹಿರಿಯರೊಬ್ಬರು, ಬೇರೆ ಜಿಲ್ಲೆಯವರೊಬ್ಬರು ಹೀಗೆ ಇಬ್ಬರಾದರೂ ಬೇಕು. ಗಡಚಿರೋಲಿಯವರಿಗೆ ತಿಳಿದದ್ದು ಆದಿಲಾಬಾದಿನವರಿಗೆ ತಿಳಿಯದಿದ್ದರೆ ಅದು ಪ್ರಾದೇಶಿಕ ಭೇದವಿರಬಹುದು. ಇಬ್ಬರೂ ಅಪಾರ್ಥ ಮಾಡಿಕೊಂಡರೆ ಅನುವಾದವೇ ಕೆಟ್ಟಿದೆ. ಅದೇ ಯಂತ್ರದಿಂದ ಮರಳಿ ಅನುವಾದಿಸಿ ನೋಡುವುದು ಪರೀಕ್ಷೆಯಲ್ಲ. ಹೋಗುವಾಗ ಮಾಡಿದ ತಪ್ಪನ್ನು ಬರುವಾಗ ಅದೇ ಮುಚ್ಚಿಹಾಕಬಲ್ಲದು.

ಹೀಗೆ ಸಿಕ್ಕ ತಪ್ಪುಗಳನ್ನು ತಿದ್ದಿಕೊಟ್ಟವರಿಗೆ ಅನುವಾದಕರ ಸಂಬಳ ಕೊಡಿ. ತಿದ್ದಿದ ವಾಕ್ಯವನ್ನು ಅವರ ಒಪ್ಪಿಗೆ ಪಡೆದು, ಊರಿನ ಹೆಸರಿನೊಡನೆ ಜೋಡಿವಾಕ್ಯಗಳ ಸಂಗ್ರಹಕ್ಕೆ ಸೇರಿಸಿ.