ತಪ್ಪು ಕೈಯದೋ, ಪರದೆಯದೋ?

ಮೂಡಿಗೆರೆ, ಕಳಸದ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಆಟದ ಅಂಗಳವೆಲ್ಲ ಕೆಸರು. ಹುಡುಗರ ಆಟ ಟೀವಿಯ ಮುಂದೆ ಬಂದು ಕೂರುತ್ತದೆ. ಆ ವಿಡಿಯೋ ಆಟಗಳಲ್ಲಿ ಗುರಿ ತಪ್ಪಿದವನನ್ನು "ಕೈ ಸಾಲದು" ಎಂದು ಹೀಗಳೆಯುವ ವಾಡಿಕೆ ನಮ್ಮ ಮಿತ್ರರಲ್ಲಿದೆ. ಈ ತೀರ್ಪು ಎಷ್ಟೋ ಸಲ ಅನ್ಯಾಯದ್ದೆಂದು ನನ್ನ ಅಭಿಪ್ರಾಯ.

ಗಾಲ್ಫಿನ ಲೆಕ್ಕ ಸರಳ. 1984ರಲ್ಲಿ ನಿಂಟೆಂಡೋ ಸಂಸ್ಥೆ ಹೊರತಂದ 'ಗಾಲ್ಫ್' ಆಟದಲ್ಲಿ ಗುಂಡಿಯನ್ನು ಮೂರು ಸಲ ಒತ್ತಬೇಕಿತ್ತು; ಆ ಪದ್ಧತಿ ಮುಂದೆ ಅನೇಕ ಆಟಗಳಿಗೆ ಬಂದಿತು. ಮೊದಲ ಸಲ ಒತ್ತಿದಾಗ ಅಳತೆಪಟ್ಟಿಯ ಮೇಲೆ ಗುರುತು ಹೊರಡುತ್ತದೆ. ಎರಡನೆಯದು ಹೊಡೆತದ ಬಲವನ್ನು ನಿಶ್ಚಯಿಸುತ್ತದೆ. ಗುರುತು ಹಿಂದಿರುಗಿ ಗೆರೆ ಮುಟ್ಟುವಾಗ ಮೂರನೆಯ ಸಲ ಒತ್ತಬೇಕು. ಬೇಗನಾದರೆ ಚೆಂಡು ಒಂದು ಪಕ್ಕಕ್ಕೆ, ತಡವಾದರೆ ಇನ್ನೊಂದು ಪಕ್ಕಕ್ಕೆ.

'ಎನ್‌ಬಿಎ 2ಕೆ'ಯಂತಹ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಗುಂಡಿಯನ್ನು ಒತ್ತಿ ಹಿಡಿದು, ಪಟ್ಟಿ ತುಂಬುವ ಹೊತ್ತಿಗೆ ಸರಿಯಾಗಿ ಬಿಡಬೇಕು. ಆದರೆ ಇಲ್ಲಿ ಆ ಸರಿಯಾದ ಹೊತ್ತಿನ ಅಗಲ ಒಂದೇ ಸಮನಲ್ಲ. ಎಸೆಯುವವನು ನುರಿತವನಾಗಿ, ಎದುರಿಗೆ ಯಾರೂ ಇಲ್ಲದಿದ್ದರೆ ಹಿರಿದು. ಎದುರಾಳಿ ಕೈಯೆತ್ತಿ ಮೈಮೇಲೆ ಬಂದರೆ ಕಿರಿದು.

ಈಗ ಪರದೆಯ ಮಾತಿಗೆ ಬರೋಣ. ಆಟ ಸೆಕೆಂಡಿಗೆ 60 ಚಿತ್ರಗಳಂತೆ ಓಡುತ್ತಿದೆ, ಎಸೆತಕ್ಕೆ ಮೂರು ಚಿತ್ರಗಳಷ್ಟು ಅವಕಾಶವಿದೆ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿನ ಸಾವಿರದಲ್ಲಿ 50 ಪಾಲು. ಕಣ್ಣಿನಿಂದ ಕಂಡು ಬೆರಳು ಅಲುಗಲು ಸುಮಾರು 200 ಪಾಲು ಬೇಕಾಗುವುದರಿಂದ ಯಾರೂ ಕಂಡು ಬಿಡುವುದಿಲ್ಲ, ಅಂದಾಜಿನಿಂದಲೇ ಬಿಡುತ್ತಾರೆ. ಆ ಅಂದಾಜು ರೂಢಿಯಾಗುವುದು ಅವರವರ ಟೀವಿಯ ಮೇಲೆ. ಒಬ್ಬನ ಮನೆಯ ಟೀವಿ ಚಿತ್ರವನ್ನು 80 ಪಾಲು ತಡವಾಗಿ ತೋರಿಸುತ್ತದೆ, ಹಾಸ್ಟೆಲಿನದು 20 ಪಾಲು ಎನ್ನಿ. ಮನೆಯ ರೂಢಿಯಲ್ಲಿ ಬಿಟ್ಟರೆ ಇಲ್ಲಿ 60 ಪಾಲು ಬೇಗನಾಯಿತು! ಕೈ ಅದೇ, ಫಲ ಮಾತ್ರ ಬೇರೆ.

ಪಟ್ಟಿಯನ್ನು ಮುಚ್ಚಿ, ಆಟಗಾರನ ಮಣಿಕಟ್ಟನ್ನೇ ನೋಡೆಂದು ಕೆಲವರು ಹೇಳುವರು. ಕಣ್ಣು ಒಂದೆಡೆ ನಿಲ್ಲುವುದೇನೋ ನಿಜ. ಆದರೆ ಮಣಿಕಟ್ಟೂ ಅದೇ ಪರದೆಯ ಚಿತ್ರವಲ್ಲವೇ? ಅದೂ ಅಷ್ಟೇ ತಡವಾಗಿ ಕಾಣುತ್ತದೆ.

ದೋಷ ಎಲ್ಲಿಯದೆಂದು ತಿಳಿಯುವುದು ಕಷ್ಟವಲ್ಲ. ಎದುರಾಳಿಯಿಲ್ಲದೆ ಹತ್ತು ಸಲ ಎಸೆಯಿರಿ. ಬೇಗವೋ ತಡವೋ ಎಂಬುದನ್ನು ಆಟವೇ ತೋರಿಸುತ್ತದೆ. ಹತ್ತೂ ಒಂದೇ ಕಡೆಗೆ ತಪ್ಪಿದರೆ ಪರದೆಯನ್ನು ಶಂಕಿಸಿ, ಟೀವಿಯನ್ನು 'ಗೇಮ್ ಮೋಡ್'ಗೆ ತಿರುಗಿಸಿ ನೋಡಿ. ಕೆಲವು ಬೇಗ, ಕೆಲವು ತಡವಾದರೆ ಕೈಯನ್ನೇ ದೂರಬೇಕು. ದೂರದವರೊಡನೆ ಜಾಲದ ಮೂಲಕ ಆಡುವಾಗ ಈ ಪರೀಕ್ಷೆ ಸಾಗದು. ಅಲ್ಲಿ ತಡವೇ ಗಳಿಗೆಗೊಂದು ಬಗೆ.

ಆದ್ದರಿಂದ ಹಾಸ್ಟೆಲಿನ ಪಂದ್ಯಗಳಲ್ಲಿ ಪ್ರತಿಯೊಬ್ಬನಿಗೂ ಮೊದಲು ಹತ್ತು ಅಭ್ಯಾಸದ ಎಸೆತಗಳನ್ನು ಕೊಡಬೇಕೆಂದು ನನ್ನ ಸೂಚನೆ. ಟೀವಿಯ ಯಜಮಾನನೇ ಸ್ಪರ್ಧಿಯಾಗಿದ್ದಲ್ಲಿ ಉಳಿದವರಿಗೆ ಇಪ್ಪತ್ತು ಕೊಟ್ಟರೂ ಹೆಚ್ಚಾಗಲಾರದು.